ಒಂದೇ ಕೊಳವೆ, ಎರಡು ದ್ರವ

ಕೇಳುಗರೇ, ನಮಸ್ಕಾರ. ಕೈಗೆಟುಕುವಲ್ಲಿ ಕಾಗದ, ಪೆನ್ಸಿಲ್ ಇದ್ದರೆ ಒಂದು ಯು-ಕೊಳವೆಯ ಚಿತ್ರ ಬರೆದುಕೊಳ್ಳಿ. ಎರಡೂ ಬಾಹುಗಳು ಒಂದೇ ಅಗಲದವು, ನೆಟ್ಟಗೆ ನಿಂತಿವೆ, ಬಾಯಿ ತೆರೆದಿದೆ. ಅದರಲ್ಲಿ ನೀರು ಹಾಕಿದ್ದೇವೆ, ಎರಡೂ ಕಡೆ ಸಮಮಟ್ಟದಲ್ಲಿದೆ. ಈಗ ಎಡ ಬಾಹುವಿಗೆ ನಿಧಾನವಾಗಿ ಸೀಮೆಎಣ್ಣೆ ಸುರಿಯೋಣ. ಎಣ್ಣೆ ನೀರಿನ ಮೇಲೆ ಕೂತು, ಎಡಗಡೆಯ ನೀರನ್ನು ಕೆಳಕ್ಕೆ ಒತ್ತುತ್ತದೆ, ಬಲಗಡೆಯ ನೀರು ಮೇಲೇರುತ್ತದೆ. ಎಣ್ಣೆಯ ಉದ್ದ 10 ಸೆಂಟಿಮೀಟರ್ ಆದಾಗ ನಿಲ್ಲಿಸೋಣ. ಬಲಗಡೆಯ ನೀರು ಎಷ್ಟು ಎತ್ತರದಲ್ಲಿ ನಿಂತಿದೆ?

ಉತ್ತರಕ್ಕೆ ಮೊದಲು ಆಳದ ಮಾತು. ನಿಂತ ದ್ರವದೊಳಗೆ ಒಂದು ಚದರ ಸೆಂಟಿಮೀಟರ್ ಜಾಗವನ್ನು ಊಹಿಸಿಕೊಳ್ಳಿ. ಅದರ ಮೇಲಿರುವ ದ್ರವದ ಭಾರವನ್ನು ಆ ಜಾಗ ಹೊರಬೇಕು. 10 ಸೆಂಟಿಮೀಟರ್ ಆಳದ ನೀರಾದರೆ ಅದು 10 ಗ್ರಾಂ ಭಾರ. ಆಳ ಇಮ್ಮಡಿಯಾದರೆ ಭಾರವೂ ಇಮ್ಮಡಿ. ಹಾಗಾಗಿ ಒತ್ತಡವನ್ನು ನಿರ್ಧರಿಸುವುದು ದ್ರವದ ಆಳ ಮತ್ತು ಅದರ ಸಾಂದ್ರತೆ, ಜೊತೆಗೆ ಗುರುತ್ವ. ಪಾತ್ರೆ ಅಗಲವೋ ಕಿರಿದೋ, ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಫ್ಲೆಮಿಶ್ ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ತೋರಿಸಿಕೊಟ್ಟಿದ್ದ. ಇಂದಿಗೂ ಮೊದಲ ಸಲ ಕೇಳಿದವರಿಗೆ ಇದು ನಂಬಲು ಕಷ್ಟ.

ಇದರಿಂದ ಒಂದು ನಿಯಮ ಹೊರಡುತ್ತದೆ. ಅಲುಗಾಡದೆ ನಿಂತಿರುವ, ಎಲ್ಲೂ ಕಡಿಯದೆ ಹರಡಿರುವ ಒಂದೇ ದ್ರವದಲ್ಲಿ, ಒಂದೇ ಮಟ್ಟದ ಎರಡು ಬಿಂದುಗಳಲ್ಲಿ ಒತ್ತಡ ಒಂದೇ. ‘ಒಂದೇ ದ್ರವದಲ್ಲಿ’ ಎಂಬುದನ್ನು ದಯವಿಟ್ಟು ಹಿಡಿದಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಚಿತ್ರಕ್ಕೆ ಮರಳೋಣ. ಎಡಗಡೆ ಎಣ್ಣೆಯ ತಳ ನೀರನ್ನು ಮುಟ್ಟುವಲ್ಲಿ ಒಂದು ಅಡ್ಡಗೆರೆ ಎಳೆದು, ಅದನ್ನು ಬಲ ಬಾಹುವಿನವರೆಗೂ ಒಯ್ಯಿರಿ. ಈ ಗೆರೆಯಿಂದ ಕೆಳಗೆ ಎರಡೂ ಕಡೆ ಬರೀ ನೀರು, ಬಾಗಿನ ಮೂಲಕ ಒಂದಕ್ಕೊಂದು ಸೇರಿದ ನೀರು. ಆದ್ದರಿಂದ ಗೆರೆಯ ಮೇಲೆ ಎರಡೂ ಕಡೆಯ ಒತ್ತಡ ಸಮವಿರಲೇಬೇಕು. ತೆರೆದ ಬಾಯಿಗಳ ಮೇಲೆ ವಾತಾವರಣ ಸಮನಾಗಿ ಒತ್ತುವುದರಿಂದ ಅದನ್ನು ಬಿಟ್ಟುಬಿಡಬಹುದು. ಸೀಮೆಎಣ್ಣೆಯ ಒಂದು ಘನ ಸೆಂಟಿಮೀಟರ್ ಸುಮಾರು 0.8 ಗ್ರಾಂ ತೂಗುತ್ತದೆ. 10 ಸೆಂಟಿಮೀಟರ್ ಎಣ್ಣೆ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ 8 ಗ್ರಾಂ ಭಾರ. ಅದನ್ನು ತೂಗಿ ನಿಲ್ಲಿಸಲು ಬಲಗಡೆ ಗೆರೆಯ ಮೇಲೆ 8 ಸೆಂಟಿಮೀಟರ್ ನೀರು ಬೇಕು. ಎಣ್ಣೆಯ ಮೇಲ್ಮಟ್ಟ ನೀರಿನ ಮೇಲ್ಮಟ್ಟಕ್ಕಿಂತ 2 ಸೆಂಟಿಮೀಟರ್ ಮೇಲಿರುತ್ತದೆ.

ಅಡ್ಡಗೆರೆಯನ್ನು 5 ಸೆಂಟಿಮೀಟರ್ ಮೇಲಕ್ಕೆ ಸರಿಸಿದರೆ? ಎಡಗಡೆ ಅದರ ಮೇಲೆ 5 ಸೆಂಟಿಮೀಟರ್ ಎಣ್ಣೆ ಉಳಿಯಿತು, 4 ಗ್ರಾಂ ಭಾರ. ಬಲಗಡೆ 3 ಸೆಂಟಿಮೀಟರ್ ನೀರು, 3 ಗ್ರಾಂ. ಮಟ್ಟ ಒಂದೇ, ಒತ್ತಡ ಬೇರೆ! ಆ ಎರಡು ಬಿಂದುಗಳ ನಡುವಿನ ಹಾದಿ ಎಣ್ಣೆ ಮತ್ತು ನೀರು ಎರಡನ್ನೂ ದಾಟುವುದರಿಂದ ನಮ್ಮ ನಿಯಮ ಅಲ್ಲಿ ಅನ್ವಯಿಸುವುದಿಲ್ಲ. ಗೆರೆಯನ್ನು ಕೆಳಗೆ ಎಲ್ಲಿಗೆ ಇಳಿಸಿದರೂ ಸರಿ, ಮೇಲೇರಿಸಿದರೆ ತಪ್ಪು.

ಇದೇ ಲೆಕ್ಕವನ್ನು ತಿರುಗಿಸಿ, ನೀರಿನ ಎತ್ತರವನ್ನು ಎಣ್ಣೆಯ ಉದ್ದದಿಂದ ಭಾಗಿಸಿದರೆ ಎಣ್ಣೆಯ ಸಾಂದ್ರತೆ ಸಿಗುತ್ತದೆ. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಬಲಗಡೆಯ ನೀರು ಮೊದಲಿದ್ದ ಮಟ್ಟದಿಂದ ಎಷ್ಟು ಏರಿತು ಎಂದು ಅಳೆಯುತ್ತಾರೆ. ಅದು 4 ಸೆಂಟಿಮೀಟರ್ ಮಾತ್ರ, ಏಕೆಂದರೆ ಎಡಗಡೆ 4 ಇಳಿದು ಬಲಗಡೆ 4 ಏರಿದೆ. 4ನ್ನು 10ರಿಂದ ಭಾಗಿಸಿ ಸಾಂದ್ರತೆ 0.4 ಎಂದು ಬರೆಯುತ್ತಾರೆ. ಅಲ್ಲೇ ಅನುಮಾನ ಬರಬೇಕು, ಪೆಟ್ರೋಲ್ ಕೂಡ 0.7ಕ್ಕಿಂತ ತುಸು ಹೆಚ್ಚೇ ತೂಗುತ್ತದೆ. ಮೊದಲಿನ ಮಟ್ಟವನ್ನು ಮರೆತುಬಿಡಿ. ಎರಡೂ ಎತ್ತರಗಳನ್ನು ದ್ರವಗಳು ಕೂಡುವ ಗೆರೆಯಿಂದಲೇ ಅಳೆಯಿರಿ. ಒಂದು ಬಾಹು ಇನ್ನೊಂದಕ್ಕಿಂತ ಅಗಲವಾಗಿದ್ದರೆ ಏರಿಳಿತಗಳು ಬದಲಾಗುತ್ತವೆ, ಆದರೆ ಗೆರೆಯಿಂದ ಅಳೆದ 10 ಮತ್ತು 8 ಹಾಗೆಯೇ ಇರುತ್ತವೆ.

ತೀರಾ ಸಣ್ಣ ಕೊಳವೆ ಮಾತ್ರ ಬೇಡ. 2 ಮಿಲಿಮೀಟರ್ ಒಳವ್ಯಾಸದ ಶುದ್ಧ ಗಾಜಿನ ಕೊಳವೆಯಲ್ಲಿ ನೀರು ತಾನಾಗಿಯೇ ಸುಮಾರು ಒಂದೂವರೆ ಸೆಂಟಿಮೀಟರ್ ಏರುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ 2 ಸೆಂಟಿಮೀಟರ್ ಆಗಿರುವಾಗ ಇದು ಲೆಕ್ಕವನ್ನೇ ಕೆಡಿಸುತ್ತದೆ. ಬೆರಳಿನಷ್ಟು ದಪ್ಪದ ಕೊಳವೆಯಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಸಿಕ್ಕಿದ ಉತ್ತರ ಸರಿಯೇ ಎಂದು ನೋಡಲು ಇನ್ನಷ್ಟು ಎಣ್ಣೆ ಸುರಿದು ಅದನ್ನು 15 ಸೆಂಟಿಮೀಟರಿಗೆ ತನ್ನಿ. ನೀರು ಈಗ ಹೊಸ ಗೆರೆಯಿಂದ 12 ಸೆಂಟಿಮೀಟರ್ ಎತ್ತರ ನಿಲ್ಲಬೇಕು. ನಿಲ್ಲದಿದ್ದರೆ ಬಾಗಿನಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡಿದೆಯೇ, ಕೊಳವೆ ವಾಲಿದೆಯೇ ನೋಡಿ. ನೀರು ಸಾಕಷ್ಟಿರಲಿ. ಗೆರೆ ಬಾಗಿನವರೆಗೂ ಇಳಿದರೆ ಎಣ್ಣೆ ಬಾಗನ್ನು ದಾಟಿ ಬಲಗಡೆಯ ನೀರಿನೊಳಗೆ ಹನಿಹನಿಯಾಗಿ ಮೇಲೇಳುತ್ತದೆ. ಆಮೇಲೆ ಅಳೆದು ಫಲವಿಲ್ಲ, ಕೊಳವೆ ತೊಳೆದು ಮೊದಲಿಂದ ತುಂಬಬೇಕು.