93.4 ಎನ್ನುವ ಮೊದಲು 16 ಎನ್ನಿ

ನಮಸ್ಕಾರ. 2021ರಲ್ಲಿ ಕೋವ್ಯಾಕ್ಸಿನ್ ಲಸಿಕೆಯ ಮೂರನೆಯ ಹಂತದ ಪ್ರಯೋಗದ ಫಲಿತಾಂಶ ಹೊರಬಂದಾಗ, ರೋಗಲಕ್ಷಣವಿರುವ ಕೋವಿಡ್ ವಿರುದ್ಧ ಅದರ ಪರಿಣಾಮ ಶೇ. 77.8, ತೀವ್ರ ಕೋವಿಡ್ ವಿರುದ್ಧ ಶೇ. 93.4 ಎಂದು ತಿಳಿಸಲಾಯಿತು. ಈ ಎರಡು ಸಂಖ್ಯೆಗಳ ಪಕ್ಕದಲ್ಲಿ ಇನ್ನೆರಡು ಜೋಡಿಗಳೂ ಇದ್ದವು. ಮೊದಲನೆಯದಕ್ಕೆ 65.2ರಿಂದ 86.4, ಎರಡನೆಯದಕ್ಕೆ 57.1ರಿಂದ 99.8. ಇವನ್ನೇ ಶೇ. 95ರ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ವ್ಯಾಪ್ತಿ, ಎನ್ನುತ್ತಾರೆ. ಗಣಿತ ಓದದವರಿಗೆ ಇದು ಅರ್ಥವಾಗುವುದಿಲ್ಲವೆಂದು ಬಿಟ್ಟುಬಿಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಥವಾಗದಿರಲು ಕಾರಣ ಕೇಳುಗರಲ್ಲ, ನಾವು ಶೇಕಡಾವಾರಿನಿಂದ ಮಾತು ಆರಂಭಿಸುವುದು. ಆರಂಭಿಸಬೇಕಾದದ್ದು ತಲೆ ಎಣಿಕೆಯಿಂದ.

ನನ್ನ ತಾಯಿಗೆ ಇದನ್ನು ವಿವರಿಸುವಾಗ ನಾನು ಹುಣಸೆ ಬೀಜಗಳನ್ನು ಬಳಸಿದೆ. ಪ್ರಯೋಗದಲ್ಲಿ ಎರಡೂ ಡೋಸ್ ಪಡೆದವರು ಸುಮಾರು 24,400 ಜನ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಲಸಿಕೆ, ಉಳಿದರ್ಧಕ್ಕೆ ಲಸಿಕೆಯಲ್ಲದ ಚುಚ್ಚುಮದ್ದು. ಅಷ್ಟು ದೊಡ್ಡ ಗುಂಪಿನಲ್ಲಿ ತೀವ್ರ ಕೋವಿಡ್ ಆದವರೆಂದು ಲೆಕ್ಕಕ್ಕೆ ಬಂದವರು ಒಟ್ಟು 16 ಮಂದಿ ಮಾತ್ರ. ಲಸಿಕೆ ಪಡೆದವರಲ್ಲಿ ಒಬ್ಬರು, ಪಡೆಯದವರಲ್ಲಿ 15 ಮಂದಿ. ಹಾಗಾಗಿ ಮೇಜಿನ ಮೇಲೆ ಒಂದು ಕಡೆ ಒಂದು ಬೀಜ, ಇನ್ನೊಂದು ಕಡೆ 15 ಬೀಜಗಳನ್ನು ಇಟ್ಟೆ. ಒಂದನ್ನು 15ರಿಂದ ಭಾಗಿಸಿ, ಬಂದದ್ದನ್ನು ಶೇಕಡಾಕ್ಕೆ ತಿರುಗಿಸಿ ನೂರರಿಂದ ಕಳೆಯುವ ಸರಳ ಲೆಕ್ಕದಲ್ಲೇ ಸುಮಾರು ಶೇ. 93 ಬರುತ್ತದೆ.

ಆಮೇಲೆ ಒಂದೇ ಒಂದು ಬೀಜವನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದೆ. ಈಗ ಎರಡು ಮತ್ತು 14. ಪರಿಣಾಮ ಸುಮಾರು ಶೇ. 86ಕ್ಕೆ ಇಳಿಯಿತು. ಯಾರೋ ಒಬ್ಬರು ಆ ವಾರ ಮದುವೆಗೆ ಹೋಗಿದ್ದರೆ, ಇನ್ನೊಬ್ಬರು ಮನೆಯಲ್ಲೇ ಉಳಿದಿದ್ದರೆ ಆಗಬಹುದಾಗಿದ್ದ ಬದಲಾವಣೆ ಅದು. ಇನ್ನು ರೋಗಲಕ್ಷಣವಿರುವ ಕೋವಿಡ್‌ನ ಲೆಕ್ಕ ನೋಡಿ: ಲಸಿಕೆ ಪಡೆದವರಲ್ಲಿ 24, ಪಡೆಯದವರಲ್ಲಿ 106. ಇಲ್ಲಿಯೂ ಒಂದು ಬೀಜ ಸರಿಸಿದರೆ 25 ಮತ್ತು 105 ಆಗುತ್ತದೆ, ಉತ್ತರ ಒಂದು ಅಂಕದಷ್ಟು ಮಾತ್ರ ಕದಲುತ್ತದೆ. "ಹಾಗಾದರೆ 93ಕ್ಕಿಂತ 77ನ್ನೇ ಹೆಚ್ಚು ನಂಬಬಹುದು" ಎಂದರು ನನ್ನ ತಾಯಿ. 57.1ರಿಂದ 99.8ರವರೆಗೆ ಹರಡಿದ ಆ ಅಗಲವಾದ ಜೋಡಿ ಹೇಳುವುದು ಇದನ್ನೇ. 65.2ರಿಂದ 86.4ರ ವ್ಯಾಪ್ತಿ ಇಡಿಯಾಗಿ ಇದರೊಳಗೇ ಅಡಗಿರುವುದರಿಂದ, ತೀವ್ರ ಕಾಯಿಲೆಯ ವಿರುದ್ಧ ಈ ಲಸಿಕೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಈ 16 ಜನರ ಆಧಾರದಿಂದ ಹೇಳಲಾಗದು. ಆದರೆ ಕೆಳಗಿನ ತುದಿಯೂ ಸೊನ್ನೆಯಿಂದ ಬಹಳ ಮೇಲಿರುವುದರಿಂದ, ಲಸಿಕೆಯಿಂದ ರಕ್ಷಣೆಯೇ ಇಲ್ಲ ಎಂಬ ವಾದಕ್ಕೂ ಇಲ್ಲಿ ನೆಲೆಯಿಲ್ಲ.

ಶೇ. 95ರ ಅರ್ಥ ಹೇಳುವಾಗ ಅನುಭವಿಗಳೂ ಎಡವುತ್ತಾರೆ. "ನಿಜವಾದ ಸಂಖ್ಯೆ 65.2 ಮತ್ತು 86.4ರ ನಡುವೆ ಇರುವ ಸಾಧ್ಯತೆ ಶೇ. 95" ಎಂಬ ವಾಕ್ಯ ಕೇಳಲು ಸರಿಯೆನಿಸಿದರೂ ತಪ್ಪು. 1937ರಲ್ಲಿ ಈ ವಿಧಾನವನ್ನು ಮಂಡಿಸಿದ ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ ಅವರ ದೃಷ್ಟಿಯಲ್ಲಿ ನಿಜವಾದ ಸಂಖ್ಯೆ ಸ್ಥಿರವಾದದ್ದು. ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುವುದು ವ್ಯಾಪ್ತಿ. ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟವನ್ನು ನೆನಪಿಸಿಕೊಳ್ಳಿ. ಸೋಪು ಇಟ್ಟಲ್ಲೇ ಇರುತ್ತದೆ, ರಿಂಗ್ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಬೀಳುತ್ತದೆ. ಇದೇ ಪ್ರಯೋಗವನ್ನು ಹೊಸ ಹೊಸ ಜನರೊಂದಿಗೆ ಮತ್ತೆ ಮತ್ತೆ ಮಾಡಿ, ಪ್ರತಿ ಸಲವೂ ಇದೇ ವಿಧಾನದಿಂದ ವ್ಯಾಪ್ತಿ ಲೆಕ್ಕ ಹಾಕಿದರೆ, ನೂರರಲ್ಲಿ ಸುಮಾರು 95 ರಿಂಗ್‌ಗಳು ಸೋಪನ್ನು ಸುತ್ತುವರಿಯುತ್ತವೆ. ನಮ್ಮ ಕೈಯಲ್ಲಿರುವುದು ಒಂದೇ ಎಸೆತ, ಅದೂ ಕಣ್ಣು ಕಟ್ಟಿಕೊಂಡು ಎಸೆದದ್ದು. ಅದು ಸುತ್ತಿದೆಯೋ ಇಲ್ಲವೋ ನಮಗೆ ಕಾಣುವುದಿಲ್ಲ. ಎಸೆಯುವ ಕೈ ಎಷ್ಟು ಪಳಗಿದ್ದು ಎಂಬುದು ಮಾತ್ರ ಗೊತ್ತು. ಹೀಗಾಗಿ 95 ಎಂಬುದು ಕೈಯ ಗುಣವೇ ಹೊರತು ಈ ಒಂದು ರಿಂಗ್‌ನದ್ದಲ್ಲ.

ಇನ್ನೊಂದು ಮಿತಿಯನ್ನು ಹೇಳದೆ ಬಿಟ್ಟರೆ ವಿವರಣೆ ಅರೆಬರೆಯಾಗುತ್ತದೆ. ಈ ವ್ಯಾಪ್ತಿ ಲೆಕ್ಕ ಹಾಕುವುದು ಆಕಸ್ಮಿಕದ ಏರುಪೇರನ್ನು ಮಾತ್ರ, ಅಂದರೆ ಬೀಜ ಆ ಕಡೆಗೋ ಈ ಕಡೆಗೋ ಬೀಳುವ ಅದೃಷ್ಟವನ್ನು ಮಾತ್ರ. ಪ್ರಯೋಗದ ಜನರು ನಮ್ಮಂಥವರಲ್ಲದಿದ್ದರೆ, ಅಥವಾ ವೈರಸ್ಸೇ ಬದಲಾದರೆ, ಆ ವ್ಯತ್ಯಾಸ ಇದರಲ್ಲಿ ಸೇರಿರುವುದಿಲ್ಲ. ಈ ಪ್ರಯೋಗದ ಮಾಹಿತಿ 2021ರ ಮೇ ತಿಂಗಳವರೆಗಿನದು. ಒಮಿಕ್ರಾನ್ ಜಗತ್ತಿಗೆ ಗೊತ್ತಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆ ರೂಪಾಂತರದ ಬಗ್ಗೆ ಯಾರಾದರೂ 65.2 ಮತ್ತು 86.4ನ್ನು ಉಲ್ಲೇಖಿಸಿದರೆ, ಅವರು ಬೇರೆಯದೇ ಸೋಪಿಗೆ ಎಸೆದ ರಿಂಗನ್ನು ತೋರಿಸುತ್ತಿದ್ದಾರೆ.