ಅಂಗಡಿಯ ಹುಟ್ಟಿದ ದಿನ ಹಾಕಿದ್ದಕ್ಕೆ ಗೂಗಲ್ ಖಾತೆ ಬಂದ್!

[ತೆರೆಯ ಮೇಲೆ: ಫೋನಿನಲ್ಲಿ ಜಿಮೇಲ್ ತೆರೆಯುತ್ತದೆ. ‘14 ದಿನದಲ್ಲಿ ಖಾತೆ ನಿಷ್ಕ್ರಿಯವಾಗುತ್ತದೆ’ ಎಂಬ ಅರ್ಥದ ಸಂದೇಶ]

ನಮಸ್ಕಾರ. ಐವತ್ತು ದಾಟಿದ ಹೆಂಗಸು. ಇಬ್ಬರು ಮಕ್ಕಳ ಮದುವೆ ಮುಗಿಸಿದ್ದಾರೆ. ಅವರಿಗೆ ಗೂಗಲ್ ಹೇಳುತ್ತಿದೆ, ನಿಮಗೆ ಇನ್ನೂ 13 ವರ್ಷ ತುಂಬಿಲ್ಲ, ಅಪ್ಪ ಅಮ್ಮನನ್ನು ಕರೆಯಿರಿ ಅಂತ.

ನಗು ಬರುತ್ತದೆ ಅಲ್ವಾ? ಆದರೆ ಆ ಖಾತೆಯಲ್ಲೇ ಹತ್ತು ವರ್ಷದ ಫೋಟೋ, ಗಿರಾಕಿಗಳ ನಂಬರು, ಯೂಟ್ಯೂಬ್ ಚಾನೆಲ್ ಎಲ್ಲ ಇದ್ದರೆ ನಗು ಅಲ್ಲೇ ನಿಲ್ಲುತ್ತದೆ.

ಉದಾಹರಣೆಗೆ ಒಂದು ಕಥೆ ಕಟ್ಟಿಕೊಳ್ಳೋಣ. ಸಾಗರದಲ್ಲಿ ಒಬ್ಬ ಅಕ್ಕ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಅವರದ್ದು ಹಳೇ ಗೂಗಲ್ ಖಾತೆ. ಅದರಲ್ಲಿ ಹುಟ್ಟಿದ ದಿನಾಂಕ ತುಂಬಿಯೇ ಇರಲಿಲ್ಲ. ಹೊಸ ಫೋನಿಗೆ ಖಾತೆ ಸೇರಿಸುವಾಗ ಗೂಗಲ್ ಅದನ್ನು ಕೇಳಿತು. ಅಕ್ಕನ ಅಳಿಯ ಪಕ್ಕದಲ್ಲೇ ಕೂತಿದ್ದ. “ಇದು ಅಂಗಡಿ ಖಾತೆ ಅಲ್ವಾ ಅತ್ತೆ, ಅಂಗಡಿ ಶುರು ಮಾಡಿದ ದಿನಾನೇ ಹಾಕೋಣ” ಅಂದ. ಹಾಕಿದ್ದು 2014ರ ಆಗಸ್ಟ್ 15.

ಅಲ್ಲಿಗೆ ಮುಗಿಯಿತು. ಯಂತ್ರಕ್ಕೆ ಅಂಗಡಿ ಗೊತ್ತಿಲ್ಲ, ಅಕ್ಕ ಗೊತ್ತಿಲ್ಲ. ಅದು ಮಾಡುವುದು ಬರೀ ಕಳೆಯುವ ಲೆಕ್ಕ. ಆ ಲೆಕ್ಕದಲ್ಲಿ 2027ರ ಆಗಸ್ಟ್ 15ರವರೆಗೆ ಅಕ್ಕ 13 ತುಂಬದ ಮಗು.

ಇನ್ನೂ ಎರಡು ತಪ್ಪು ಜಾಸ್ತಿ ನಡೆಯುತ್ತವೆ. ಒಂದು, ಕೆಲವು ಆ್ಯಪ್‌ಗಳಲ್ಲಿ ದಿನಾಂಕ ಆರಿಸುವ ಚಕ್ರ ಇವತ್ತಿನ ತಾರೀಖಿಗೇ ತೆರೆದುಕೊಳ್ಳುತ್ತದೆ. ನಾವು ದಿನ, ತಿಂಗಳು ತಿರುಗಿಸಿ, ವರ್ಷ ತಿರುಗಿಸುವುದನ್ನು ಮರೆತು ‘ಮುಂದೆ’ ಒತ್ತುತ್ತೇವೆ. ಇನ್ನೊಂದು, ಮಗು ಹುಟ್ಟಿದ ಖುಷಿಯಲ್ಲಿ ಮಗುವಿನ ಹೆಸರಲ್ಲೇ ಒಂದು ಖಾತೆ ತೆರೆದು, ಮಗುವಿನ ದಿನಾಂಕವನ್ನೇ ಕೊಡುವುದು. ಅಂದ ಹಾಗೆ, ನಮ್ಮಲ್ಲಿ ಎಷ್ಟೋ ಜನರ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಅಂತ ಇರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ದಿನಾಂಕ ಅದು. ಅದರಿಂದ ಇಲ್ಲಿ ತೊಂದರೆ ಇಲ್ಲ. ದಿನ, ತಿಂಗಳು ಆಚೀಚೆ ಆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪೆಟ್ಟು ಕೊಡುವುದು ವರ್ಷ.

[ತೆರೆಯ ಮೇಲೆ: 13 ಎಂಬ ದೊಡ್ಡ ಅಂಕಿ]

ಈ 13 ಎಲ್ಲಿಂದ ಬಂತು? ಅಮೆರಿಕದ ಒಂದು ಕಾಯ್ದೆಯಿಂದ. ಅದರ ಚಿಕ್ಕ ಹೆಸರು ಕೊಪ್ಪಾ. ಚಿಕ್ಕಮಗಳೂರಿನ ಕೊಪ್ಪ ಅಲ್ಲ! ಮಕ್ಕಳ ಆನ್‌ಲೈನ್ ಗೋಪ್ಯತೆ ಕಾಪಾಡುವ ಕಾಯ್ದೆ ಇದು. 1998ರಲ್ಲಿ ಪಾಸಾಗಿ, 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 13 ತುಂಬದ ಮಕ್ಕಳ ಮಾಹಿತಿ ತೆಗೆದುಕೊಳ್ಳಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ. ಗೂಗಲ್ ನಮ್ಮ ದೇಶದಲ್ಲೂ 13ನ್ನೇ ಇಟ್ಟುಕೊಂಡಿದೆ. ಕೆಲವು ದೇಶಗಳಲ್ಲಿ ಇದು ಜಾಸ್ತಿ. ಜರ್ಮನಿಯಲ್ಲಿ 16, ದಕ್ಷಿಣ ಕೊರಿಯಾದಲ್ಲಿ 14. ಅಲ್ಲಿರುವ ಕನ್ನಡಿಗರು ಮಕ್ಕಳ ಖಾತೆ ತೆರೆಯುವಾಗ ಇದನ್ನು ನೆನಪಿಡಿ.

ಈ ಕಾಯ್ದೆಯಲ್ಲಿ ನಮಗೆ ಬೇಕಾದ ವಿಷಯ ಒಂದೇ. ಬಳಸುತ್ತಿರುವುದು ಮಗು ಅಂತ ಕಂಪನಿಗೆ ನಿಜವಾಗಿ ಗೊತ್ತಾಯಿತಾ, ಇಲ್ಲವಾ? ಗೊತ್ತಾದ ಮೇಲೂ ಸುಮ್ನೆ ಕೂತರೆ ದಂಡ ಬೀಳಬಹುದು. 2019ರಲ್ಲಿ ಮಕ್ಕಳ ಮಾಹಿತಿಯ ವಿಚಾರಕ್ಕೆ ಗೂಗಲ್ ಮತ್ತು ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಈಗ ನೀವೇ ನಿಮ್ಮ ಕೈಯಾರೆ 2014 ಅಂತ ಟೈಪ್ ಮಾಡಿದರೆ? ಕಂಪನಿಯ ಕಣ್ಣಲ್ಲಿ ಅದು ನೀವು ಬರೆದುಕೊಟ್ಟ ಹೇಳಿಕೆ. ‘ಅಯ್ಯೋ ತಪ್ಪಾಯ್ತು, 1972 ಅಂತ ತಿದ್ದುತ್ತೇನೆ’ ಅಂದರೆ ಬಿಡುವುದಿಲ್ಲ. ನಿಜವಾದ 11 ವರ್ಷದ ಹುಡುಗನೂ ಅದನ್ನೇ ಹೇಳುತ್ತಾನಲ್ಲ! ಅದಕ್ಕೇ ಹಿಂದೆ ಹೋಗಿ ಬೇರೆ ವರ್ಷ ಹಾಕುವ ದಾರಿಯನ್ನು ಮುಚ್ಚಿರುತ್ತಾರೆ.

ಇದಕ್ಕೆ ಒಳ್ಳೆ ಸಾಕ್ಷಿ ಟ್ವಿಟರ್‌ನದು. 2019ರ ಮಾರ್ಚ್‌ನಲ್ಲಿ ಯಾರೋ ತಮಾಷೆಗೆ ಒಂದು ಸುಳ್ಳು ಹಬ್ಬಿಸಿದರು. ಪ್ರೊಫೈಲ್‌ನಲ್ಲಿ ಹುಟ್ಟಿದ ವರ್ಷ 2007 ಅಂತ ಹಾಕಿದರೆ ಟ್ವಿಟರ್‌ಗೆ ಹೊಸ ಬಣ್ಣ ಬರುತ್ತದೆ ಅಂತ. ನಂಬಿ ಹಾಕಿದವರು 12 ವರ್ಷದವರಾದರು, ಖಾತೆಗೆ ಬೀಗ ಬಿತ್ತು. ಕೊನೆಗೆ ಟ್ವಿಟರ್ ಕಂಪನಿಯೇ ‘ದಯವಿಟ್ಟು ಹಾಗೆ ಮಾಡಬೇಡಿ’ ಅಂತ ಹೇಳಬೇಕಾಯಿತು. ಅದಕ್ಕೂ ಮೊದಲು, 2018ರ ಮೇ ತಿಂಗಳಲ್ಲಿ ಇನ್ನೂ ವಿಚಿತ್ರ ನಡೆದಿತ್ತು. ಆಗ ದೊಡ್ಡವರಾಗಿದ್ದವರ ಖಾತೆಗಳೂ ಬಂದ್ ಆದವು. ಕಾರಣ, ಖಾತೆ ತೆರೆದ ದಿನ ಅವರಿಗೆ 13 ತುಂಬಿರಲಿಲ್ಲ! ಈಗ ದೊಡ್ಡವರಾದರೂ ಚಿಕ್ಕವರಿದ್ದಾಗ ಬರೆದದ್ದು ಅದೇ ಖಾತೆಯಲ್ಲಿ ಇತ್ತಲ್ಲ, ಅದು ತೊಡಕಾಯಿತು.

ಸರಿ, ಸಾಗರದ ಅಕ್ಕನ ಹತ್ತಿರ ವಾಪಸ್ ಬರೋಣ.

[ತೆರೆಯ ಮೇಲೆ: ಒಂದು ಕ್ಯಾಲೆಂಡರ್. 1ನೇ ತಾರೀಖಿನಿಂದ 15ರವರೆಗೆ ಕೆಂಪು ಗೆರೆ]

ಅಳಿಯ ದಿನಾಂಕ ಹಾಕಿದ್ದು 1ನೇ ತಾರೀಖು ಅಂದುಕೊಳ್ಳಿ. ಗೂಗಲ್ ಕೊಡುವುದು 14 ದಿನ. ಅಷ್ಟರಲ್ಲಿ ಏನೂ ಮಾಡದಿದ್ದರೆ, 15ರ ಹೊತ್ತಿಗೆ ಖಾತೆ ನಿಷ್ಕ್ರಿಯ. ಅಲ್ಲಿಂದ ಮುಂದೆ 30 ದಿನ ಕಳೆದರೆ ಖಾತೆ ಅಳಿಸಿಹೋಗುತ್ತದೆ. ಅಂದರೆ ಒಟ್ಟು ಸುಮಾರು ಒಂದೂವರೆ ತಿಂಗಳು. ಸಂದೇಶ ಬಂದಾಗ ‘ಆಮೇಲೆ ನೋಡೋಣ’ ಅಂತ ಬಿಡುವವರೇ ಜಾಸ್ತಿ, ಯಾಕೆಂದರೆ ಆ 14 ದಿನ ಖಾತೆ ನಡೆಯುತ್ತಲೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ, ನಡೆಯುತ್ತಿರುವಾಗಲೇ ಸಾಮಾನು ಹೊರಗೆ ತೆಗೆಯುವುದು. ಬ್ರೌಸರ್‌ನಲ್ಲಿ takeout.google.com ಅಂತ ಟೈಪ್ ಮಾಡಿ. ಫೋಟೋ, ಮೇಲ್, ಕಾಂಟ್ಯಾಕ್ಟ್ಸ್ ಆರಿಸಿ ಇಳಿಸಿಕೊಳ್ಳಿ. ಫೋಟೋ ಜಾಸ್ತಿ ಇದ್ದರೆ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಇದನ್ನು ಹದಿಮೂರನೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ಆಮೇಲೆ ದಾಖಲೆ ಕೊಡುವುದು. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಇಂಥದ್ದೇ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವವರೂ ಇದ್ದಾರೆ. ನೀವೇ myaccount.google.com ಅಂತ ಟೈಪ್ ಮಾಡಿ ಒಳಗೆ ಹೋಗಿ. ತೊಂದರೆ ನಿಜವಾದರೆ ಅದು ಅಲ್ಲೂ ಕಾಣುತ್ತದೆ. ಖಾತೆ ಆಗಲೇ ಬಂದ್ ಆಗಿದ್ದರೆ ಲಾಗಿನ್ ಆಗಲು ಹೋದಾಗ ಕಾರಣ ಬರುತ್ತದೆ. ಎಷ್ಟೋ ಜನ ಇಲ್ಲಿ ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ. ಪಾಸ್‌ವರ್ಡ್ ಸರಿ ಇದೆ, ತಪ್ಪಿರುವುದು ವಯಸ್ಸು. ಹತ್ತು ಸಲ ಬದಲಿಸಿದರೂ ದಿನ ಕಳೆಯುತ್ತದೆ ಅಷ್ಟೇ.

ಅಲ್ಲಿ ಮುಖ್ಯವಾಗಿ ಎರಡು ಆಯ್ಕೆ. ಅಪ್ಪ ಅಮ್ಮನ ಮೇಲ್ವಿಚಾರಣೆಗೆ ಖಾತೆ ಒಪ್ಪಿಸುವುದು ಒಂದು. ನನಗೆ ವಯಸ್ಸಾಗಿದೆ ಅಂತ ಸಾಬೀತು ಮಾಡುವುದು ಇನ್ನೊಂದು. ಅಕ್ಕ ಒತ್ತಬೇಕಾದ್ದು ಎರಡನೆಯದು. ಬೇಗ ಮುಗಿಯಲಿ ಅಂತ ಅಳಿಯ ತನ್ನನ್ನೇ ‘ಪೋಷಕ’ ಮಾಡಿಕೊಂಡ ಅನ್ನಿ, ಖಾತೆ ಮಗುವಿನ ಖಾತೆಯಾಗಿಬಿಡುತ್ತದೆ. ಹಪ್ಪಳದ ವಿಡಿಯೋ ಹಾಕಲೂ ಆಗುವುದಿಲ್ಲ. ಆ ದಾರಿ ಇರುವುದು ನಿಜವಾಗಿ 13 ತುಂಬದ ಮಗುವಿನ ಖಾತೆಗೆ. ಅಂಥವರು ಫ್ಯಾಮಿಲಿ ಲಿಂಕ್ ಆ್ಯಪ್‌ನಲ್ಲಿ ಖಾತೆಯನ್ನು ತಮ್ಮ ಕೈಗೆ ತಗೊಳ್ಳಿ. ಮಗುವಿಗೆ ದೊಡ್ಡವರ ದಾಖಲೆ ಕೊಟ್ಟು ದಾಟಿಸಬೇಡಿ.

ವಯಸ್ಸು ತೋರಿಸಲು ಸರ್ಕಾರಿ ಗುರುತಿನ ಚೀಟಿಯ ಫೋಟೋ ಅಥವಾ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ದೇಶ ನೋಡಿ ಆಯ್ಕೆಗಳು ಬದಲಾಗುತ್ತವೆ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಸಣ್ಣ ಮೊತ್ತ ತಾತ್ಕಾಲಿಕವಾಗಿ ಹಿಡಿದಿಟ್ಟು ಬಿಡುತ್ತಾರೆ. ಡೆಬಿಟ್ ಕಾರ್ಡ್ ಅದರ ಬದಲಿಗೆ ಆಗುತ್ತದೆ ಅಂತ ನಂಬಿಕೊಳ್ಳಬೇಡಿ.

[ತೆರೆಯ ಮೇಲೆ: ಆಧಾರ್ ಕಾರ್ಡ್‌ನ ಮಾದರಿ ಚಿತ್ರ, ಹೆಸರು ನಂಬರು ಇಲ್ಲದ್ದು]

ನಮ್ಮಲ್ಲಿ ಎಲ್ಲರೂ ಮೊದಲು ತೆಗೆಯುವುದು ಆಧಾರ್. ಇಲ್ಲೇ ಒಂದು ಗುಂಡಿ ಇದೆ. ಹಳೇ ಆಧಾರ್ ಕಾರ್ಡುಗಳಲ್ಲಿ ಎಷ್ಟೋ ಜನಕ್ಕೆ ಪೂರ್ತಿ ದಿನಾಂಕ ಇಲ್ಲ, ಬರೀ ಹುಟ್ಟಿದ ವರ್ಷ ಇದೆ. ಕೇಳುತ್ತಿರುವುದು ಹುಟ್ಟಿದ ದಿನಾಂಕ. ನಿಮ್ಮದು ಹಾಗಿದ್ದರೆ ಪೂರ್ತಿ ದಿನಾಂಕ ಇರುವ ಡ್ರೈವಿಂಗ್ ಲೈಸೆನ್ಸ್ ಅಥವಾ ಪಾಸ್‌ಪೋರ್ಟ್ ನೋಡಿ.

ಆಧಾರ್ ಕೊಡುವುದಾದರೆ ಪೂರ್ತಿ ನಂಬರು ತೋರಿಸಬೇಡಿ. myaadhaar.uidai.gov.in ತಾಣದಲ್ಲಿ ಮಾಸ್ಕ್ಡ್ ಆಧಾರ್ ಸಿಗುತ್ತದೆ. ಅದರಲ್ಲಿ 12 ಅಂಕಿಯ ಪೈಕಿ ಮೊದಲ 8 ಮುಚ್ಚಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತದೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಮುಂದೆ ಹುಟ್ಟಿದ ವರ್ಷ. ಆ ಬೀಗದ ಫೈಲನ್ನೇ ಕಳಿಸಿದರೆ ಆ ಕಡೆಯವರಿಗೆ ತೆರೆಯಲು ಆಗುವುದಿಲ್ಲ. ತೆರೆದು, ಅದರ ಚಿತ್ರ ತೆಗೆದು ಹಾಕಿ. ಕಾರ್ಡ್‌ನ ಫೋಟೋ ತೆಗೆಯುವುದಾದರೆ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೆಯದ ಹಾಗೆ ನೋಡಿಕೊಳ್ಳಿ. ಕಿಟಕಿಯ ಬೆಳಕಲ್ಲಿ, ನಾಲ್ಕೂ ಅಂಚು ಕಾಣುವ ಹಾಗೆ ತೆಗೆಯಿರಿ.

ಇಷ್ಟೆಲ್ಲ ಹುಷಾರು ಯಾಕೆ ಅಂದರೆ, 2025ರ ಅಕ್ಟೋಬರ್‌ನಲ್ಲಿ ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನ ಕಂಪನಿ ಒಂದು ವಿಷಯ ಒಪ್ಪಿಕೊಂಡಿತು. ಅದರ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಸಂಸ್ಥೆಯಿಂದ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಫೋಟೋಗಳು ಸೋರಿರಬಹುದು ಅಂತ. ಅವುಗಳಲ್ಲಿ ಇದ್ದದ್ದು ‘ನನಗೆ ವಯಸ್ಸಾಗಿದೆ, ಖಾತೆ ಕೊಡಿ’ ಅಂತ ಮನವಿ ಮಾಡಿದವರು ಕೊಟ್ಟ ಚೀಟಿಗಳೇ. ‘ಸಾವಿರ ರೂಪಾಯಿ ಕೊಡಿ, ನಾವು ಅನ್‌ಬ್ಲಾಕ್ ಮಾಡಿಸಿಕೊಡ್ತೀವಿ’ ಅನ್ನುವವರಿಗಂತೂ ಚೀಟಿಯನ್ನೂ ಕೊಡಬೇಡಿ, ಒಟಿಪಿಯನ್ನೂ ಹೇಳಬೇಡಿ.

ದಾಖಲೆ ಒಪ್ಪಿದರೆ ಖಾತೆ ಇದ್ದ ಹಾಗೇ ವಾಪಸ್ ಬರುತ್ತದೆ. ಆಗ ವೈಯಕ್ತಿಕ ಮಾಹಿತಿ ವಿಭಾಗಕ್ಕೆ ಹೋಗಿ ದಿನಾಂಕ ಚೀಟಿಯಲ್ಲಿರುವ ಹಾಗೇ ಇದೆಯಾ ಅಂತ ಒಮ್ಮೆ ನೋಡಿ. ಒಪ್ಪದಿದ್ದರೆ, ಅದೇ ಮಸುಕಾದ ಫೋಟೋ ಮತ್ತೆ ಮತ್ತೆ ಕಳಿಸಬೇಡಿ, ಬೇರೆ ಚೀಟಿ ಕೊಟ್ಟು ನೋಡಿ.

ಇನ್ನೊಂದು ಮಾತು. ಹೊಸದಾಗಿ ಗೂಗಲ್ ಖಾತೆ ತೆರೆಯುವಾಗಲೇ 2014 ಅಂತ ಹಾಕಿದರೆ ಈ 14 ದಿನದ ಕಥೆ ಬರುವುದಿಲ್ಲ. ಆಗಲೇ ಅಪ್ಪ ಅಮ್ಮನ ಖಾತೆ ಕೇಳುತ್ತದೆ. ಅಲ್ಲಿ ಕಳೆದುಕೊಳ್ಳಲು ಇನ್ನೂ ಏನೂ ಇಲ್ಲ. ಪೂರ್ತಿ ಹೊರಗೆ ಬಂದು, ನಿಮ್ಮ ನಿಜವಾದ ದಿನಾಂಕದಲ್ಲಿ ಹೊಸದಾಗಿ ಶುರು ಮಾಡಿ.

ಇನ್ನು ಅಂಗಡಿಯ 15 ಆಗಸ್ಟ್ 2014 ಎಲ್ಲಿ ಹಾಕಬೇಕು? ಅಂಗಡಿ ಗೂಗಲ್ ಮ್ಯಾಪ್‌ನಲ್ಲಿ ಇದ್ದರೆ ಅದರ ಬಿಸಿನೆಸ್ ಪ್ರೊಫೈಲ್‌ನಲ್ಲಿ ‘ಆರಂಭದ ದಿನಾಂಕ’ ಅಂತ ಒಂದು ಜಾಗ ಇದೆ. ಅಳಿಯನಿಗೆ ಅಲ್ಲಿ ಹಾಕಲು ಹೇಳಿ.