ಒಂದೇ ಪ್ರೊಫೈಲ್, ಓದುವವರು ಇಬ್ಬರು

ಎಲ್ಲರಿಗೂ ನಮಸ್ಕಾರ. ಲಿಂಕ್ಡ್‌ಇನ್‌ನಲ್ಲಿ ನನ್ನ ಪ್ರೊಫೈಲ್ ಎರಡು ಸಲ ಕೈಕೊಟ್ಟ ಕಥೆ ಹೇಳುತ್ತೇನೆ. ನಾನು ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಜನ ಹುಡುಕಿಕೊಡುವವನು.

ಮೊದಲು ಹೆಸರಿನ ಕೆಳಗೆ 'ನಿಮ್ಮ ಕನಸಿನ ಕೆಲಸಕ್ಕೆ ದಾರಿ' ಅಂತ ಹಾಕಿದ್ದೆ. ದಿನಾ ರೆಸ್ಯೂಮೆ ಬರುತ್ತಿದ್ದವು, 'ಯಾವ ಕೆಲಸ ಆದ್ರೂ ಸರಿ ಸಾರ್' ಎಂಬ ಸಾಲಿನ ಜೊತೆ. ಒಬ್ಬ ಎಚ್‌ಆರ್ ಮ್ಯಾನೇಜರ್ ಮಾತ್ರ, 'ನಿಮ್ಮದು ಟ್ರೈನಿಂಗ್ ಇನ್‌ಸ್ಟಿಟ್ಯೂಟಾ?' ಅಂತ ಕೇಳಿದರು. ಸರಿ, ಕಂಪನಿಗಳಿಗಾಗಿ ಬದಲಾಯಿಸಿದೆ: 'ನಿಮ್ಮ ಬಜೆಟ್‌ನಲ್ಲೇ, ಬೇಗ ಜನ.' ಕಂಪನಿಗಳು ಕರೆ ಮಾಡಿದವು. ಆದರೆ ಒಳ್ಳೆಯ ಟೂಲ್ ರೂಮ್ ಎಂಜಿನಿಯರ್ ಒಬ್ಬರು ಮೆಸೇಜಿಗೆ ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಸಿಕ್ಕಾಗ ಹೇಳಿದರು: 'ಬಜೆಟ್ ಅಂದ್ರೆ ನನ್ನ ಸಂಬಳ ತಾನೇ ಸಾರ್?'

ಒಬ್ಬರನ್ನು ಕರೆಯುವ ಸಾಲೇ ಇನ್ನೊಬ್ಬರನ್ನು ಓಡಿಸುತ್ತದೆ. ಹಾಗಂತ ಅರ್ಧ ಅವರಿಗೆ, ಅರ್ಧ ಇವರಿಗೆ ಅಂತ ಹಂಚಿದರೂ ಆಗದು. ಇಬ್ಬರೂ ಇಡೀ ಪುಟ ಓದುತ್ತಾರಲ್ವಾ? ಇಬ್ಬರಿಗೂ ಬೇಕಾದದ್ದು ಒಂದೇ: ಈತನಿಗೆ ನಮ್ಮ ಕೆಲಸ ಗೊತ್ತಾ?

ಅದಕ್ಕೇ ಈಗ ಹೆಡ್‌ಲೈನ್ ಹೀಗಿದೆ: 'ಪೀಣ್ಯ, ಬೊಮ್ಮಸಂದ್ರ: ಟೂಲ್ ರೂಮ್, ಸಿಎನ್‌ಸಿ, ಕ್ವಾಲಿಟಿ ನೇಮಕಾತಿ.' ಹೆಡ್‌ಲೈನಿಗೆ 220 ಅಕ್ಷರಗಳವರೆಗೆ ಜಾಗ ಇದೆ. ಆದರೆ ಫೋನಿನ ಹುಡುಕಾಟದಲ್ಲಿ ಮೊದಲ ತುಂಡು ಮಾತ್ರ ಕಾಣುತ್ತದೆ. ಊರು, ಕೆಲಸದ ಹೆಸರು ಮುಂದಿರಲಿ. 'ಪ್ಯಾಷನೇಟ್' ಮುಂತಾದವು ಬೇಡವೇ ಬೇಡ, ಅವನ್ನು ಯಾರೂ ಹುಡುಕುವುದಿಲ್ಲ.

'ಅಬೌಟ್'ನಲ್ಲಿ ಪೂರ್ತಿ ತೆರೆಯುವ ಮೊದಲು ಕಾಣುವುದು ಕೆಲವೇ ಸಾಲು. ಅಲ್ಲಿ ನಾನು ದುಡ್ಡಿನ ಮಾತು ಬರೆದಿದ್ದೇನೆ: 'ಅಭ್ಯರ್ಥಿಯಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. ಶುಲ್ಕ ಕಂಪನಿಯದು. 90 ದಿನದೊಳಗೆ ಬಿಟ್ಟುಹೋದರೆ ಇನ್ನೊಬ್ಬರನ್ನು ಶುಲ್ಕವಿಲ್ಲದೆ ಹುಡುಕಿಕೊಡುತ್ತೇನೆ.' ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕೀಳುವವರು ಜಾಸ್ತಿ ಇರುವುದರಿಂದ ಮೊದಲ ಸಾಲು ಅಭ್ಯರ್ಥಿಗೆ ಧೈರ್ಯ. ಕೊನೆಯದು ಕಂಪನಿಗೆ. ಅದೇ ಸಾಲಿನಿಂದ ಅಭ್ಯರ್ಥಿಗೂ ಒಂದು ವಿಷಯ ತಿಳಿಯುತ್ತದೆ: ಸುಮ್ನೆ ಎಲ್ಲಿಗಾದರೂ ತಳ್ಳಿದರೆ ನಷ್ಟ ನನಗೇ. ವರ್ಷಕ್ಕೆ 6 ಲಕ್ಷದ ಹುದ್ದೆಗೆ ನನ್ನ ಶುಲ್ಕ ಶೇ 8.33, ಅಂದರೆ ಒಂದು ತಿಂಗಳ ಸಂಬಳ, ಸುಮಾರು 50 ಸಾವಿರ. ಈ ಲೆಕ್ಕ ಪ್ರೊಫೈಲ್‌ನಲ್ಲಿ ಹಾಕಿಲ್ಲ. ಅದು ಫೋನಿನಲ್ಲಿ ಆಡುವ ಮಾತು.

ಇನ್ನೊಂದು ತಪ್ಪನ್ನು ತುಂಬಾ ಜನ ಮಾಡುತ್ತಾರೆ. 'ಇಂಥ ಕಂಪನಿಯವರನ್ನು ಇಂಥಲ್ಲಿಗೆ ಸೇರಿಸಿದೆ' ಅಂತ ಹೆಸರು ಸಮೇತ ಪೋಸ್ಟ್. ಅಭ್ಯರ್ಥಿಗಳಿಗೆ ಖುಷಿಯಾಗಬಹುದು. ಕಂಪನಿ ಮಾಲೀಕರಿಗೆ ಮಾತ್ರ, ನಾಳೆ ನಮ್ಮ ಹುಡುಗರನ್ನೂ ಈತ ಎತ್ತಿಕೊಂಡು ಹೋಗುತ್ತಾನೆ ಅನಿಸುತ್ತದೆ. ನಾನು ಹೆಸರು ಬಿಟ್ಟು ಕೆಲಸವನ್ನಷ್ಟೇ ಬರೆಯುತ್ತೇನೆ: 'ಇಂಜೆಕ್ಷನ್ ಮೋಲ್ಡ್ ಡಿಸೈನರ್, ಎಂಟು ವರ್ಷದ ಅನುಭವ, ನೋಟಿಸ್ ಅವಧಿ ಎರಡು ತಿಂಗಳು, ಕಂಪನಿ ಕಾಯಲು ಒಪ್ಪಿತು.'

ಈಗ ಬರುವ ಮೆಸೇಜುಗಳು ಕಡಿಮೆ. ಆದರೆ 'ಯಾವ ಕೆಲಸ ಆದ್ರೂ ಸರಿ' ಬದಲು 'ವೈರ್ ಕಟ್ ಗೊತ್ತು, ಪೀಣ್ಯ ಎರಡನೇ ಹಂತದಲ್ಲಿ ಏನಾದರೂ ಇದೆಯಾ' ಅಂತ ಇರುತ್ತವೆ.